ಒಂದನೇ ತಾರೀಖೋ, ಹದಿನಾರೋ?

ಯೋಗ ಕಲಿಯಲು ಎರಡು ವಾರ ರಜೆ ಬೇಕು ಎಂದಾಗ ಮ್ಯಾನೇಜರ್‌ಗೆ ಮೊದಲು ಬರುವ ಅನುಮಾನ, ಇವರು ಬೇರೆ ಕಡೆ ಕೆಲಸ ನೋಡುತ್ತಿದ್ದಾರೆಯೇ ಎಂಬುದು. ಎರಡನೆಯದು, ಇವರ ಕೆಲಸ ಯಾರ ತಲೆಗೆ ಬೀಳುತ್ತದೆ ಎಂಬುದು. ಮೊದಲನೆಯದಕ್ಕೆ ಶಿಬಿರದ ವಿವರ ತೋರಿಸಿದರೆ ಸಾಕು. ಎರಡನೆಯದಕ್ಕೆ ಕ್ಯಾಲೆಂಡರ್ ಹಿಡಿದು ಕೂರಬೇಕು.

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪನಿಯ ಅಕೌಂಟೆಂಟ್ ಕೇರಳದ ನೆಯ್ಯಾರ್ ಡ್ಯಾಮ್ ಬಳಿಯ ಶಿವಾನಂದ ಆಶ್ರಮಕ್ಕೆ ಹೋಗಬೇಕೆಂದಿದ್ದಾರೆ ಎಂದುಕೊಳ್ಳಿ. ಅಲ್ಲಿನ ಎರಡು ವಾರದ ಶಿಬಿರ ತಿಂಗಳ 1 ಮತ್ತು 16ರಂದು ಶುರುವಾಗುತ್ತದೆ. (ಮೈಸೂರಿನ ಅಷ್ಟಾಂಗ ಯೋಗಕ್ಕೆ ಮನಸ್ಸು ಮಾಡಿದರೆ ಹದಿನೈದು ದಿನ ಸಾಲುವುದು ಕಷ್ಟ, ಅಲ್ಲಿ ಸಾಮಾನ್ಯವಾಗಿ ತಿಂಗಳ ಲೆಕ್ಕ.) ಅಕೌಂಟ್ಸ್ ವಿಭಾಗದವರಿಗೆ 1ರ ಬ್ಯಾಚ್ ಬೇಡವೇ ಬೇಡ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, ಇಎಸ್‌ಐ. 16ಕ್ಕೆ ಹೊರಟರೆ ಇವೆಲ್ಲ ಮುಗಿದಿರುತ್ತವೆ. ಉಳಿಯುವುದು 20ರ ಜಿಎಸ್‌ಟಿಆರ್-3ಬಿ. ಅದಕ್ಕೆ ಬೇಕಾದ 2ಬಿ ಪಟ್ಟಿ 14ಕ್ಕೇ ಬರುವುದರಿಂದ ಲೆಕ್ಕ ಸಿದ್ಧಪಡಿಸಿಟ್ಟು ಹೋಗಬಹುದು. ಆಮೇಲೆ ತಿಂಗಳ ಕೊನೆಯ ಸಂಬಳ ಒಂದೇ.

ತಿಂಗಳನ್ನೂ ಆರಿಸಬೇಕು. ಅಕ್ಟೋಬರ್ ಕೊನೆಗೆ ಟಿಡಿಎಸ್ ತ್ರೈಮಾಸಿಕ ರಿಟರ್ನ್ ಇರುತ್ತದೆ, ನವೆಂಬರ್‌ನಲ್ಲಿ ಇರುವುದಿಲ್ಲ. 2026ರ ನವೆಂಬರ್ 16 ಸೋಮವಾರ. ಶನಿವಾರ ರಾತ್ರಿ ರೈಲು ಹತ್ತಿದರೆ ಭಾನುವಾರ ತಿರುವನಂತಪುರ. ವಾರಕ್ಕೆ ಐದು ದಿನದ ಆಫೀಸಾದರೆ ಹತ್ತು ರಜೆ, ವಾಪಸಾಗಲು ಸೋಮವಾರ 30 ಸೇರಿ ಹನ್ನೊಂದು. ಆ ಪ್ರಯಾಣದ ದಿನವನ್ನು ಮೊದಲೇ ಕೇಳಿಬಿಡಿ. "ಸೋಮವಾರ ಬೆಳಿಗ್ಗೆ ಬಂದುಬಿಡ್ತೀನಿ ಸಾರ್" ಅಂದು, ಆಮೇಲೆ ರೈಲಿನಿಂದ ಫೋನ್ ಮಾಡಿ ಇನ್ನೊಂದು ದಿನ ಕೇಳುವುದು ಒಳ್ಳೆಯದಲ್ಲ.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಇಪ್ಪತ್ತು ದಿನದ ದುಡಿಮೆಗೆ ಒಂದು ಗಳಿಕೆ ರಜೆ. ವರ್ಷಕ್ಕೆ 240 ದಿನ ದುಡಿದರೆ ಹನ್ನೆರಡು. ಹಿಂದಿನ ವರ್ಷದ್ದು ಉಳಿದಿಲ್ಲದಿದ್ದರೆ ಹನ್ನೊಂದು ತೆಗೆದ ಮೇಲೆ ಕೈಯಲ್ಲಿ ಒಂದೇ. ಜನವರಿಯಲ್ಲಿ ತಮ್ಮನ ಮದುವೆ ಇದ್ದರೆ ಅದನ್ನೂ ಈಗಲೇ ಹೇಳುವುದು ಮೇಲು. ಶನಿವಾರ, ಭಾನುವಾರಗಳನ್ನೂ ರಜೆಗೆ ಸೇರಿಸುವ 'ಸ್ಯಾಂಡ್‌ವಿಚ್' ನಿಯಮ ನಿಮ್ಮಲ್ಲಿದೆಯೇ ಎಂದು ಎಚ್‌ಆರ್ ಬಳಿ ಕೇಳಿ. ಕಾಯಿಲೆ ರಜೆಯನ್ನು ಇದಕ್ಕೆ ಎಳೆಯಬೇಡಿ. ಆಶ್ರಮದ ಫೋಟೊದಲ್ಲಿ ಯಾರೋ ನಿಮ್ಮನ್ನು ಟ್ಯಾಗ್ ಮಾಡಿದರೆ ಕತೆ ಮುಗಿಯಿತು.

ಮೊದಲು ಎದುರು ಕೂತು ಕೇಳಿ, ಆಮೇಲೆ ಮೇಲ್ ಹಾಕಿ, ಒಪ್ಪಿಗೆ ಬರವಣಿಗೆಯಲ್ಲಿ ಬಂದ ಮೇಲೆ ಶಿಬಿರಕ್ಕೆ ದುಡ್ಡು ಕಟ್ಟಿ. ಬಾಸ್ "ನೋಡೋಣ" ಅಂದರೆ ಒಪ್ಪಿದ್ದಾರೆ ಎಂದರ್ಥವಲ್ಲ. ಕಾರಣವನ್ನು ಇಷ್ಟರಲ್ಲೇ ಹೇಳಬಹುದು: "ಕೆಲವು ವರ್ಷಗಳಿಂದ ವಾರಾಂತ್ಯದಲ್ಲಿ ಯೋಗ ಕಲಿಯುತ್ತಿದ್ದೇನೆ. ದಿನಕ್ಕೆ ಎರಡು ಹೊತ್ತು ಗುರುಗಳ ಎದುರು ಅಭ್ಯಾಸ ಮಾಡುವ ಅವಕಾಶ ಇಲ್ಲಿ ಸಿಗುವುದಿಲ್ಲ. ಇದು ನನ್ನ ಸ್ವಂತ ಕಲಿಕೆಗಾಗಿ." ಇದರಿಂದ ಕೆಲಸದಲ್ಲಿ ದುಪ್ಪಟ್ಟು ಚುರುಕಾಗುತ್ತೇನೆ ಎಂದು ಸೇರಿಸುವ ಚಪಲ ಬೇಡ. ಮುಂದಿನ ಅಪ್ರೈಸಲ್‌ನಲ್ಲಿ ಯಾರಾದರೂ ಅದನ್ನು ನೆನಪಿಸಿಯಾರು. ಸಂಗೀತಕ್ಕೂ ಇದೇ ಮಾತು. ಗುರುಗಳ ಮನೆಯಲ್ಲೇ ಕಲಿಯುವುದಾದರೆ ತಾರೀಖು ಹಿಂದೆಮುಂದೆ ಮಾಡಲು ಸಾಧ್ಯವೇ ಎಂದು ಮೊದಲೇ ಕೇಳಿಕೊಂಡಿದ್ದರೆ ಬಾಸ್ ಜೊತೆ ಮಾತು ಸಲೀಸು.

"ಫೋನಿನಲ್ಲಿ ಸಿಗ್ತೀನಿ" ಎಂಬ ಭರವಸೆ ನಡೆಯುವುದಿಲ್ಲ. ಆಶ್ರಮದಲ್ಲಿ ಬೆಳಿಗ್ಗೆ ಆರಕ್ಕೆ ಸತ್ಸಂಗ, ಎಂಟಕ್ಕೆ ಆಸನ, ಮಧ್ಯಾಹ್ನ ಎರಡಕ್ಕೆ ಉಪನ್ಯಾಸ, ಆಮೇಲೆ ಮತ್ತೆ ಆಸನ, ರಾತ್ರಿ ಮತ್ತೆ ಸತ್ಸಂಗ. ಹಾಜರಿ ಕಡ್ಡಾಯ. ಬೇಕಿದ್ದರೆ ಮಧ್ಯಾಹ್ನ ಒಂದರಿಂದ ಒಂದೂವರೆ ಎಂದು ಹೇಳಿ, ಆಗ ಮಾತ್ರ ಫೋನ್ ನೋಡಿ.

ಕೆಲಸ ಒಪ್ಪಿಸುವ ಪಟ್ಟಿ ಎಲ್ಲರೂ ಬರೆಯುತ್ತಾರೆ. ಆದರೆ ಪಟ್ಟಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಗೊತ್ತಾಗುವುದು ನೀವಿಲ್ಲದ ದಿನವೇ. ಹಾಗಾಗಿ ಎರಡು ವಾರ ಮುಂಚೆ ಒಂದು ದಿನ ನಿಮ್ಮ ಕೆಲಸವನ್ನೆಲ್ಲ ಸಹೋದ್ಯೋಗಿಗೆ ಬಿಟ್ಟು, ನೀವು ಬಾಯಿ ಬಿಡದೆ ಪಕ್ಕದ ಕೋಣೆಯಲ್ಲಿ ಕೂರಿ. ಸಂಬಳದ ಫೈಲನ್ನು ಬ್ಯಾಂಕಿಗೆ ಏರಿಸುವಾಗ ಒಟಿಪಿ ನಿಮ್ಮ ಮೊಬೈಲಿಗೆ ಬರುತ್ತದೆ ಎಂಬುದು ಆಗ ಬೆಳಕಿಗೆ ಬಂದೀತು. ಪಾಸ್‌ವರ್ಡ್ ಬರೆದುಕೊಟ್ಟು ಹೋಗುವುದು ಅದಕ್ಕೆ ಪರಿಹಾರವಲ್ಲ. ಇನ್ನೊಬ್ಬರ ಹೆಸರಿನಲ್ಲಿ ಯೂಸರ್ ಮಾಡಿಸಲು ಅರ್ಜಿ, ಸಹಿ, ಬ್ಯಾಂಕಿನ ಓಡಾಟ ಎಲ್ಲ ಬೇಕು. ಅದಕ್ಕೇ ಎರಡು ವಾರ ಮುಂಚೆ ಎಂದದ್ದು.

ಇಷ್ಟಾದರೂ ಒಪ್ಪದಿದ್ದರೆ ಯಾವ ತಾರೀಖು ತೊಡಕು ಎಂದು ಕೇಳಿ. ಉತ್ತರ "ತಿಂಗಳ ಕೊನೆ" ಎಂದಾದರೆ ಸಂಬಳದ ಕೆಲಸಕ್ಕೆ ಇನ್ನೊಬ್ಬರನ್ನು ತಯಾರು ಮಾಡಲು ಒಂದು ತಿಂಗಳ ಗಡುವು ಕೇಳಬಹುದು. ಡಿಸೆಂಬರ್ 16ಕ್ಕೂ ಒಂದು ಬ್ಯಾಚ್ ಇದೆ.