‘ರಿಪ್ಲೈ ಆಲ್’ ಒತ್ತುವ ಮುನ್ನ

ಪೀಣ್ಯದ ಕಾರ್ಖಾನೆಯೊಂದು ಪುಣೆಯ ಗ್ರಾಹಕರಿಗೆ ಬಿಡಿಭಾಗಗಳನ್ನು ಕಳಿಸಬೇಕಿದೆ ಎಂದಿಟ್ಟುಕೊಳ್ಳಿ. ಮೇಲ್ ಸರಪಳಿಯಲ್ಲಿ ಕಾರ್ಖಾನೆ, ಗ್ರಾಹಕರು, ಲಾರಿ ಸಾಗಣೆದಾರರು ಮೂವರೂ ಇದ್ದಾರೆ. ‘ಸರಕು ಯಾವತ್ತು ಬರುತ್ತೆ?’ ಎಂದು ಪುಣೆಯವರು ಕೇಳುತ್ತಾರೆ. ಆ ದಿನಾಂಕದ ಮೇಲೆ ಮೂವರ ಕೆಲಸವೂ ನಿಂತಿದೆ. ಉತ್ತರ ಎಲ್ಲರಿಗೂ ಹೋಗಲಿ. ಕೆಲಸ ಮಾಡಬೇಕಾದವರು To ಸಾಲಿನಲ್ಲಿ, ತಿಳಿದಿದ್ದರೆ ಸಾಕು ಎನ್ನುವವರು Cc ಸಾಲಿನಲ್ಲಿ. ಗ್ರಾಹಕರ ಮೇಲಧಿಕಾರಿಯನ್ನು ಹೇಳದೆ ಕೇಳದೆ ಅಲ್ಲಿ ಸೇರಿಸಿದರೆ ಮಾತ್ರ ಅದು ದೂರು ಕೊಟ್ಟಂತೆಯೇ.

ಲಾರಿ ಬಾಡಿಗೆ ಎಷ್ಟು, ತಡವಾದದ್ದಕ್ಕೆ ಯಾರು ಹೊಣೆ ಎಂಬುದು ಕಾರ್ಖಾನೆ ಮತ್ತು ಸಾಗಣೆದಾರರ ನಡುವಿನ ಮಾತು. ಬಹಳ ಜನ ಎಡವುವುದು ಇಲ್ಲೇ. ಅದೇ ಸರಪಳಿಯಲ್ಲಿ ಗ್ರಾಹಕರ ಹೆಸರು ಅಳಿಸಿ ಚೌಕಾಸಿ ಶುರುಮಾಡುತ್ತಾರೆ. ಎರಡು ದಿನ ಬಿಟ್ಟು ಯಾರೋ ಗ್ರಾಹಕರನ್ನು ಮತ್ತೆ ಸೇರಿಸುತ್ತಾರೆ. ಕೆಳಗೆ ಬಾಲದಂತೆ ಅಂಟಿಕೊಂಡಿದ್ದ ಚೌಕಾಸಿಯೆಲ್ಲ ಅವರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಖಾಸಗಿ ಮಾತಿಗೆ ಹೊಸ ಮೇಲ್ ತೆರೆಯಬೇಕು, ವಿಷಯದ ಸಾಲೂ ಹೊಸದಿರಬೇಕು. ಮಾತು ಮುಗಿದ ಮೇಲೆ ‘ಲಾರಿ ಗುರುವಾರ ಹೊರಡುತ್ತದೆ’ ಎಂಬಷ್ಟನ್ನೇ ಹಳೆಯ ಸರಪಳಿಗೆ ಬರೆದರಾಯಿತು.

Bcc ಸಾಲನ್ನಂತೂ ನಾನು ನಂಬುವುದಿಲ್ಲ. ಅಲ್ಲಿ ಗುಟ್ಟಾಗಿ ಸೇರಿಸಿದ ಮ್ಯಾನೇಜರ್ ಮೈಮರೆತು ರಿಪ್ಲೈ ಆಲ್ ಒತ್ತಿದರೆ, ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದವರು ಯಾರೆಂದು ಮೂರೂ ಕಂಪನಿಗೆ ಗೊತ್ತಾಗುತ್ತದೆ. ಅವರಿಗೆ ತಿಳಿಸಲೇಬೇಕಿದ್ದರೆ, ಕಳಿಸಿದ ಮೇಲನ್ನು ಆಮೇಲೆ ಫಾರ್ವರ್ಡ್ ಮಾಡಿ. ಅವರು ಏನು ಒತ್ತಿದರೂ ಉತ್ತರ ನಿಮಗಷ್ಟೇ ಬರುತ್ತದೆ.