ಯಾವ ವ್ಯತ್ಯಾಸದ ಬೆನ್ನು ಹತ್ತಬೇಕು? ಕಿಚನ್ ಮ್ಯಾನೇಜರಿಗೊಂದು ಮೆಮೋ



ಮೂರು-ನಾಲ್ಕು ಶಾಖೆಗಳಿಗೆ ಒಂದೇ ಕಡೆಯಿಂದ ಹಿಟ್ಟು ಕಳುಹಿಸುವವರು ತಮ್ಮ ಘಟಕದ ಮ್ಯಾನೇಜರಿಗೆ ಕೊಡಬಹುದಾದ ಮೆಮೋ ಒಂದನ್ನು ಇಲ್ಲಿ ಬರೆದಿದ್ದೇವೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ.

ಮ್ಯಾನೇಜರ್ ಅವರಿಗೆ,

ಪ್ರತಿ ಸೋಮವಾರ ತಾವು ಕೊಡುವ ಪಟ್ಟಿಯಲ್ಲಿ ಎಲ್ಲ ಸಾಮಾನಿಗೂ ಹೆಚ್ಚು-ಕಡಿಮೆ ಇದ್ದೇ ಇರುತ್ತದೆ. ಎಲ್ಲವನ್ನೂ ಹುಡುಕುತ್ತ ಕೂತರೆ ಅಡುಗೆ ನಡೆಯುವುದಿಲ್ಲ. ಮೊದಲು, ಆ ವಾರ ನಿಜವಾಗಿ ಆದ ಉತ್ಪಾದನೆಗೆ ಎಷ್ಟು ಬೇಕಿತ್ತೋ ಅದರೊಂದಿಗೇ ಹೋಲಿಸಿ. ಬೆಲೆ ಏರಿದ್ದು ಖರೀದಿಯವರ ಲೆಕ್ಕ, ಅದನ್ನು ಇಲ್ಲಿ ಬೆರೆಸಬೇಡಿ.

ಕಳೆದ ವಾರ ಎಣ್ಣೆ 400 ಲೀಟರ್ ಸಾಕಿತ್ತು, 415 ಹೋಗಿದೆ. ಮೂರು ತಿಂಗಳ ಲೆಕ್ಕದಲ್ಲಿ ಏರಿಳಿತ 10 ಲೀಟರ್ ಮೀರಿರಲಿಲ್ಲ, ಆದ್ದರಿಂದ ನೋಡಲೇಬೇಕು. ಆದರೆ ಲೀಟರಿಗೆ 130 ರೂ.ನಂತೆ ನಷ್ಟ 1,950 ರೂ. ಇದಕ್ಕಾಗಿ ಒಬ್ಬನನ್ನು ಮೂರು ದಿನ ಅಳೆಯಲು ನಿಲ್ಲಿಸಬೇಡಿ. ರಿಜಿಸ್ಟರ್ ತೆರೆದು, ಒಂದೇ ವಾರದಲ್ಲಿ ಬಾಣಲೆಯ ಎಣ್ಣೆ ಎರಡು ಸಲ ಬದಲಾಗಿದೆಯೇ ನೋಡಿ. ಹತ್ತು ನಿಮಿಷದ ಕೆಲಸ. ಹಾಗೇ ಆಗಿದ್ದರೆ ಮುಂದಿನ ವಾರ ತಾನೇ ಸರಿಹೋಗುತ್ತದೆ.

ನನಗೆ ಚಿಂತೆಯಿರುವುದು ಉದ್ದಿನಬೇಳೆಯದು. ಬೇಕಿದ್ದದ್ದು 300 ಕೆ.ಜಿ.; ನಾಲ್ಕು ವಾರಗಳಲ್ಲಿ ಹೋದದ್ದು 302, 304, 307, 309. ನಮ್ಮ ಮಿತಿ 10 ಕೆ.ಜಿ. ಆದ್ದರಿಂದ ಯಾವ ವಾರವೂ ಕೆಂಪು ಗುರುತು ಬಿದ್ದಿಲ್ಲ. ಆದರೂ ಒಂದೇ ದಿಕ್ಕಿಗೆ ಏರುತ್ತಿದೆ. ಇದು ಕೈತಪ್ಪಿನ ಏರಿಳಿತವಲ್ಲ, ಏನೋ ಬದಲಾಗಿದೆ. ಕೆ.ಜಿ.ಗೆ 120 ರೂ. ಹಿಡಿದರೆ 9 ಕೆ.ಜಿ.ಗೆ ವಾರಕ್ಕೆ 1,080, ಹೀಗೇ ನಿಂತರೂ ವರ್ಷಕ್ಕೆ ಸುಮಾರು 56,000 ರೂ. ಹುಡುಕಲು 2,000 ರೂ. ತಗಲಬಹುದು. ಸರಿಪಡಿಸಬಹುದಾದ ಕಾರಣ ಸಿಗುವ ಸಂಭವ ಮೂರರಲ್ಲಿ ಒಂದೇ ಎಂದುಕೊಂಡರೂ 18,000 ರೂ. ಮೀರಿದ ಲಾಭದ ನಿರೀಕ್ಷೆಯಿದೆ. ಹುಡುಕಿ.

ಹುಡುಕುವ ಬಗೆ ಸುಲಭ. ಹಿಟ್ಟು ಉಬ್ಬದಿದ್ದರೆ ಭಟ್ಟರು ಇಡ್ಲಿ ಮೆತ್ತಗಾಗಲೆಂದು ಬೇಳೆ ಹೆಚ್ಚಿಸುತ್ತಾರೆ, ಯಾರಿಗೂ ಹೇಳುವುದಿಲ್ಲ. ಹಾಗಾಗಿ ಒಂದೇ ಮೂಟೆಯ ಬೇಳೆಯನ್ನು ಸಮ ತೂಕದಲ್ಲಿ ಒಟ್ಟಿಗೆ ನೆನೆಸಿ, ಎರಡೂ ಗ್ರೈಂಡರಿನಲ್ಲಿ ಅಷ್ಟೇ ನೀರು, ಅಷ್ಟೇ ಹೊತ್ತು ರುಬ್ಬಿಸಿ. ಒಂದೇ ಅಳತೆಯ ಡಬರಿಗಳಿಗೆ ಸುರಿದು ಎತ್ತರ ನೋಡಿ. ಒಂದು ಮಾತ್ರ ಕಡಿಮೆಯಾದರೆ ಆ ಗ್ರೈಂಡರಿನ ಕಲ್ಲು ಸವೆದಿರಬಹುದು. ಎರಡೂ ಕಡಿಮೆಯಾದರೆ ಬೇರೆ ಮೂಟೆಯಿಂದ ಮತ್ತೊಮ್ಮೆ ಮಾಡಿ. ಆಗ ಉಬ್ಬಿದರೆ ದೋಷ ಬೇಳೆಯದು, ಹಳೇ ದಾಸ್ತಾನು ಬಂದಿರಬೇಕು. ಎರಡೂ ಸರಿಯಿದ್ದರೆ ಉಗ್ರಾಣದ ತೂಕದ ಕಡೆ ತಿರುಗಿ.

ಉಳಿತಾಯ ತೋರಿಸುವ ಅಂಕಿಯನ್ನೂ ಹೀಗೇ ನೋಡಿ. ಎಣ್ಣೆ 30 ಲೀಟರ್ ಕಡಿಮೆ ಹೋಗಿದೆಯೆಂದರೆ ಕರಿದ ಎಣ್ಣೆಯನ್ನೇ ಎಳೆಯುತ್ತಿರಬಹುದು. 2018ರ ಜುಲೈನಿಂದ ಎಣ್ಣೆಯ ಟೋಟಲ್ ಪೋಲಾರ್ ಕಾಂಪೌಂಡ್ ಶೇ. 25 ದಾಟಿದರೆ ಬಳಸುವಂತಿಲ್ಲ. ಅಲ್ಲಿ ರೂಪಾಯಿ ಲೆಕ್ಕ ಹಾಕುತ್ತ ಕೂರದೆ ಅಂದೇ ಪರೀಕ್ಷಿಸಿ.

ಬೇಳೆಯ ಪರೀಕ್ಷೆ ಬುಧವಾರದೊಳಗೆ ಆಗಲಿ. ಡಬರಿಗಳ ಅಳತೆಯನ್ನು ಪಟ್ಟಿಯ ಹಿಂದೆ ಬರೆದಿಡಿ.