ಒಂದೇ ಅಂಗಡಿ, ಎರಡು ಲಾಭ: ವಿಭಾಗವಾರು ಲೆಕ್ಕದ ಒಳಗುಟ್ಟು

ಒಂದು ಜವಳಿ ಅಂಗಡಿ ಅಂದ್ಕೊಳ್ಳಿ. ಒಂದು ಕಡೆ ಬಟ್ಟೆ ವಿಭಾಗ, ಇನ್ನೊಂದು ಕಡೆ ರೆಡಿಮೇಡ್ ವಿಭಾಗ. ಬಾಡಿಗೆ ಮಾತ್ರ ಒಂದೇ, 60,000 ರೂಪಾಯಿ. ಅರ್ಧ ಅರ್ಧ ಹಂಚೋಣವಾ? ಬೇಡ. ಬಾಡಿಗೆ ಕೊಡೋದು ಜಾಗಕ್ಕೆ. ಬಟ್ಟೆ ವಿಭಾಗ 800 ಚದರಡಿ, ರೆಡಿಮೇಡ್ 400. ಹಾಗಾಗಿ 40,000 ಮತ್ತು 20,000.

ಜಾಹೀರಾತಿನ 20,000ಕ್ಕೆ ಜಾಗದ ಸಂಬಂಧವೇ ಇಲ್ಲ, ಅದನ್ನು ಮಾರಾಟದ ಮೇಲೆ ಹಂಚಬೇಕು. ಮಾರಾಟ 9 ಲಕ್ಷ ಮತ್ತು 6 ಲಕ್ಷ ಇದ್ದರೆ, 12,000 ಮತ್ತು 8,000. ಆದರೆ ಹುಷಾರು: ಬಟ್ಟೆ ವಿಭಾಗ ರೆಡಿಮೇಡ್‌ಗೆ ಕೊಟ್ಟ ಮಾಲನ್ನು ಈ ಮಾರಾಟಕ್ಕೆ ಸೇರಿಸಬೇಡಿ. ಅದಕ್ಕೆ ಯಾರೂ ಜಾಹೀರಾತು ಕೊಟ್ಟಿಲ್ಲವಲ್ಲ!

ಹೆಚ್ಚಿನವರು ಎಡವೋದು ಮುಂದಿನ ಹೆಜ್ಜೆಯಲ್ಲಿ. ಬಟ್ಟೆ ವಿಭಾಗ ಅಸಲಿನ ಮೇಲೆ ಶೇ. 25 ಲಾಭ ಇಟ್ಟು ಆ ಮಾಲು ಕೊಡುತ್ತೆ. ವರ್ಷದ ಕೊನೆಗೆ ರೆಡಿಮೇಡ್ ದಾಸ್ತಾನಿನಲ್ಲಿ 30,000ದ ಅಂಥ ಬಟ್ಟೆ ಉಳಿದಿದೆ. ಗಿರಾಕಿ ಇನ್ನೂ ಕೊಂಡಿಲ್ಲ, ಅಂದಮೇಲೆ ಅಂಗಡಿಗೆ ಲಾಭ ಬಂದಿಲ್ಲ. ಈ ಕೈಸೇರದ ಲಾಭ ಎಷ್ಟು? 30,000ದ ಶೇ. 25, ಅಂದರೆ 7,500 ಅಂತೀರಾ? ತಪ್ಪು. ಅಸಲು 100 ಆದರೆ ಕೊಟ್ಟ ಬೆಲೆ 125. ಆದ್ದರಿಂದ 30,000 × 25/125, ಅಂದರೆ 6,000.

ಇದನ್ನು ಯಾವ ವಿಭಾಗದ ಖಾತೆಯಲ್ಲೂ ಕಳೆಯಬೇಡಿ. ಸಾಮಾನ್ಯ ಲಾಭ-ನಷ್ಟ ಖಾತೆಗೆ ಖರ್ಚು ಹಾಕಿ, ದಾಸ್ತಾನು ಮೀಸಲಿಗೆ ಜಮಾ ಮಾಡಿ. ಆರಂಭದ ದಾಸ್ತಾನಿನ ಮೇಲೆ ಕಳೆದ ವರ್ಷದ ಮೀಸಲು 2,000 ಇದ್ದರೆ, ಈ ವರ್ಷದ ನಿವ್ವಳ ಹೊರೆ 4,000 ಮಾತ್ರ.

ಪರೀಕ್ಷೆಯಲ್ಲಿ ಲೆಕ್ಕ ಶುರು ಮಾಡೋ ಮೊದಲು, ಲಾಭದ ದರ ಅಸಲಿನ ಮೇಲೋ, ಕೊಟ್ಟ ಬೆಲೆಯ ಮೇಲೋ ಅಂತ ಪ್ರಶ್ನೆಯಲ್ಲೇ ಗೆರೆ ಎಳೆದುಕೊಳ್ಳಿ.